ಡಿಸ್ಕಷನ್‌ಗೆ ಏನು ಸೇರಿಸಲಿ ಅಂತ ಕೇಳುವವರಿಗೆ

"ಮೇಡಂ, 'ಡಿಸ್ಕಷನ್ ಬರೀ ವರ್ಣನೆ, ವಿಶ್ಲೇಷಣೆ ಇಲ್ಲ' ಅಂತ ಬರೆದು ಲ್ಯಾಬ್ ರಿಪೋರ್ಟ್ ವಾಪಸ್ ಕೊಟ್ಟಿದ್ದಾರೆ. ಈಗ ಏನು ಸೇರಿಸಲಿ?"

ಏನೂ ಸೇರಿಸಬೇಡಿ. ನಿಮ್ಮ ಅಂಕಿಗಳ ಟೇಬಲ್ ತೆಗೆದು ಎದುರಿಗಿಟ್ಟುಕೊಳ್ಳಿ.

ಸೇರಿಸಿದರೆ ಸರಿಹೋಗುತ್ತದೆ ಅಂತ ಯಾರು ಹೇಳಿಕೊಟ್ಟರೋ, ನನಗೆ ಅವರ ಮೇಲೇ ಸಿಟ್ಟು. ಹೋದ ವರ್ಷ ಒಬ್ಬಳು ಹುಡುಗಿ ತಿದ್ದಿದ ರಿಪೋರ್ಟ್ ತಂದಳು. ಆಲೂಗಡ್ಡೆ ಆಸ್ಮಾಸಿಸ್ ಪ್ರಯೋಗ. ಒಂದೇ ಅಳತೆಯ ತುಂಡುಗಳನ್ನು ಬೇರೆ ಬೇರೆ ಸಾಂದ್ರತೆಯ ಸಕ್ಕರೆ ದ್ರಾವಣದಲ್ಲಿ ಅರ್ಧ ಗಂಟೆ ಇಟ್ಟು, ತೂಕ ಶೇಕಡಾ ಎಷ್ಟು ಬದಲಾಯಿತು ಅಂತ ನೋಡುವುದು. ಪಾಪ, ಪ್ರತಿ ವಾಕ್ಯಕ್ಕೂ ಒಂದು 'ಆದ್ದರಿಂದ' ಹಾಕಿದ್ದಳು, ಪಠ್ಯಪುಸ್ತಕದಿಂದ ಆಸ್ಮಾಸಿಸ್‌ನ ವ್ಯಾಖ್ಯಾನ ತಂದು ಕೂರಿಸಿದ್ದಳು, ಕೊನೆಯಲ್ಲಿ 'ಮಾನವ ದೋಷಗಳಿರಬಹುದು' ಅಂತ ಬರೆದಿದ್ದಳು. ಒಂದು ಪುಟ ಎರಡಾಗಿತ್ತು. ಹೇಳಿದ್ದು ಮಾತ್ರ ಟೇಬಲ್‌ನಲ್ಲಿದ್ದದ್ದನ್ನೇ: ಬರೀ ನೀರಿನಲ್ಲಿ ಶೇ. 14 ಏರಿಕೆ, 0.2 ಮೋಲಾರ್‌ನಲ್ಲಿ ಶೇ. 5 ಏರಿಕೆ, 0.4ರಲ್ಲಿ ಶೇ. 6 ಇಳಿಕೆ, 0.6ರಲ್ಲಿ 17, 0.8ರಲ್ಲಿ 21, 1.0ರಲ್ಲಿ 22 ಇಳಿಕೆ. ಓದುವವರಿಗೆ ಕಣ್ಣಿದೆ, ಅಲ್ವಾ? ಅದನ್ನೇ ಮತ್ತೆ ವಾಕ್ಯದಲ್ಲಿ ಓದಿ ಹೇಳಿದರೆ ಅವರಿಗೆ ಹೊಸದಾಗಿ ಏನೂ ಸಿಗುವುದಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. 'ಈ ಅಂಕಿಗಳಿಂದ ಟೇಬಲ್‌ನಲ್ಲಿ ಇಲ್ಲದ ಯಾವ ವಿಷಯ ಹೇಳಬಹುದು, ಅದನ್ನು ಎಷ್ಟು ನಂಬಬಹುದು?' ಇದನ್ನು ಯಾರಾದರೂ ಕೇಳಿದರೆ ಟೀ ಕುಡಿಸಿ ಸಂಜೆಯವರೆಗೂ ಮಾತಾಡುತ್ತೇನೆ.

ಅವಳ ಟೇಬಲ್ಲನ್ನೇ ನೋಡಿ. 0.2ರಲ್ಲಿ ತೂಕ ಏರಿದೆ, 0.4ರಲ್ಲಿ ಇಳಿದಿದೆ. ನಡುವೆ ಎಲ್ಲೋ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಗ್ರಾಫಿನಲ್ಲಿ ಆ ಎರಡು ಬಿಂದುಗಳ ನಡುವೆ ಗೆರೆ ಎಳೆದರೆ ಅದು ಸೊನ್ನೆಯನ್ನು ದಾಟುವುದು ಸುಮಾರು 0.29ರಲ್ಲಿ. ಅಲ್ಲಿ ನೀರು ಒಳಗೆ ಹೋಗುವಷ್ಟೇ ಹೊರಗೂ ಬರುತ್ತಿದೆ, ಅಂದರೆ ಆಲೂಗಡ್ಡೆಯ ನೀರಿನ ವಿಭವ ಆ ದ್ರಾವಣದ್ದಷ್ಟೇ ಇದೆ. 27 ಡಿಗ್ರಿಯಲ್ಲಿ ಲೆಕ್ಕ ಹಾಕಿದರೆ ಸುಮಾರು −0.72 ಮೆಗಾಪಾಸ್ಕಲ್. ಪ್ರಯೋಗ ಮಾಡಿದ್ದೇ ಇದಕ್ಕೆ. ಅವಳ ಎರಡು ಪುಟದಲ್ಲಿ ಈ ಸಂಖ್ಯೆ ಇರಲೇ ಇಲ್ಲ.

ಇನ್ನು 'ಮಾನವ ದೋಷ'. ದಯವಿಟ್ಟು ಆ ಎರಡು ಪದ ಹೊಡೆದುಹಾಕಿ. ಯಾವ ದೋಷ, ಅದು ಉತ್ತರವನ್ನು ಯಾವ ಕಡೆ ಎಳೆಯಿತು, ಎಷ್ಟು ಎಳೆಯಿತು ಅಂತ ಬರೆಯಿರಿ. ಕೇಳಿದಾಗ ಅವಳೇ ಹೇಳಿದಳು, ಮೊದಲು ತೂಗುವಾಗ ತುಂಡುಗಳನ್ನು ಟಿಶ್ಯೂ ಪೇಪರಲ್ಲಿ ಚೆನ್ನಾಗಿ ಒತ್ತಿ ಒರೆಸಿದ್ದೆ, ಕೊನೆಗೆ ಟೈಮ್ ಆಗಿದ್ದಕ್ಕೆ ಬೇಗ ಬೇಗ ಒರೆಸಿದೆ ಅಂತ. ಸರಿ, 3 ಗ್ರಾಂ ತುಂಡಿನ ಮೇಲೆ 0.05 ಗ್ರಾಂ ದ್ರಾವಣ ಜಾಸ್ತಿ ಉಳಿದಿತ್ತು ಅಂತಿಟ್ಟುಕೊಳ್ಳಿ. ಅದು ಶೇ. 1.7ರಷ್ಟು ಸುಳ್ಳು ಏರಿಕೆ. 0.2ರಿಂದ 0.4ಕ್ಕೆ ಹೋಗುವಾಗ ಒಟ್ಟು ಬದಲಾವಣೆ ಶೇ. 11. ಹಾಗಾದರೆ 1.7 ಅಂದರೆ ಸುಮಾರು 0.03 ಮೋಲಾರ್. ಎಲ್ಲ ತುಂಡುಗಳೂ ನಿಜಕ್ಕಿಂತ ಭಾರ ತೋರಿಸಿದ್ದರಿಂದ ಸೊನ್ನೆ ದಾಟುವ ಜಾಗ ಬಲಕ್ಕೆ ಸರಿದಿದೆ, ನಿಜವಾದ ಬೆಲೆ 0.26ರ ಹತ್ತಿರ ಇರಬಹುದು. ರಿಪೋರ್ಟ್ ವಾಪಸ್ ಕೊಟ್ಟವರು ಕೇಳಿದ ವಿಶ್ಲೇಷಣೆ ಇದೇ.

ಇನ್ನೊಂದು ಜಾಗ ಇದೆ, ನನಗಂತೂ ಅದೇ ಹೆಚ್ಚು ಇಷ್ಟ. 0.6ರವರೆಗೆ ಅಂಕಿಗಳು ಭರ್ರನೆ ಇಳಿದು ಆಮೇಲೆ 17, 21, 22 ಅಂತ ನಿಧಾನವಾಗುತ್ತವೆ. 'ಸಾಂದ್ರತೆ ಹೆಚ್ಚಾದಂತೆ ತೂಕ ಇಳಿಯಿತು' ಅಂದುಬಿಟ್ಟರೆ ಈ ತಿರುವೇ ಮಾಯ. ಗಾಢ ದ್ರಾವಣದಲ್ಲಿ ಜೀವಕೋಶದ ಪೊರೆ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಗೋಡೆ ಸಕ್ಕರೆಯನ್ನು ತಡೆಯುವುದಿಲ್ಲ, ಹಾಗಾಗಿ ಖಾಲಿಯಾದ ಜಾಗಕ್ಕೆ ಹೊರಗಿನ ದ್ರಾವಣ ನುಗ್ಗಿ ಕಳೆದ ತೂಕವನ್ನು ಒಂದಿಷ್ಟು ತುಂಬುತ್ತದೆ. ಅರ್ಧ ಗಂಟೆ ಸಾಲದೆ ನೀರು ಪೂರ್ತಿ ಹೊರಬರದೆಯೂ ಇರಬಹುದು. ಎರಡರಲ್ಲಿ ಯಾವುದು ಅಂತ ಈ ಟೇಬಲ್ ಹೇಳಲಾರದು. ಅದನ್ನೂ ಬರೆಯಬೇಕು. ಇನ್ನೊಂದು ಗಂಟೆ ಬಿಟ್ಟು ಮತ್ತೆ ತೂಗಿದಾಗ 1.0ರ ತುಂಡು ಇನ್ನೂ ಇಳಿದರೆ ಸಮಯ ಸಾಲದೇ ಇದ್ದದ್ದೂ ಕಾರಣ ಅಂತ ತಿಳಿಯುತ್ತದೆ.

ಹಾಗೇ 21ಕ್ಕೂ 22ಕ್ಕೂ ವ್ಯತ್ಯಾಸ ಇದೆ ಅಂತ ಬರೆಯಬೇಡಿ. 1.0ರಲ್ಲಿ ಅವಳ ಮೂರು ತುಂಡುಗಳು 18, 22, 26 ತೋರಿಸಿದ್ದವು. ಒಂದೇ ದ್ರಾವಣದೊಳಗೇ ಅಷ್ಟು ಹರಡಿದ್ದರೆ ಆ ಒಂದು ಶೇಕಡಾಕ್ಕೆ ಅರ್ಥವಿಲ್ಲ.

ಕೊನೆಗೆ ಅವಳು ಟೇಬಲ್ ಓದಿ ಹೇಳಿದ ವಾಕ್ಯಗಳನ್ನೂ ವ್ಯಾಖ್ಯಾನವನ್ನೂ ತೆಗೆದಳು, 0.29ನ್ನು ಮೊದಲ ವಾಕ್ಯಕ್ಕೆ ತಂದಳು, ಉಳಿದದ್ದನ್ನೆಲ್ಲ ಅದನ್ನು ಎಷ್ಟು ನಂಬಬಹುದು ಅನ್ನುವುದಕ್ಕೆ ಬಳಸಿದಳು. ಡಿಸ್ಕಷನ್ ಮತ್ತೆ ಒಂದು ಪುಟಕ್ಕೆ ಬಂತು.