‘ರ’ದ ಹೊಟ್ಟೆಯೊಳಗೆ

ಇವತ್ತಿನ ಮಧ್ಯಾಹ್ನವೆಲ್ಲ ಒಂದೇ ಅಕ್ಷರಕ್ಕೆ ಹೋಯ್ತು.

ಅಂಗಡಿ ಬೋರ್ಡಿನ ಫೋಟೋ. ಉಬ್ಬಿದ ಅಕ್ಷರಗಳು. ‘ಗ’ ತೆಗೆದು ‘ರ’ ಕೂರಿಸಬೇಕು, ಅಷ್ಟೇ.

ಮುಂಭಾಗ ಹತ್ತೇ ನಿಮಿಷದಲ್ಲಿ ಕೂತಿತು. ದಪ್ಪಕ್ಕೆ ಪಕ್ಕದ ಅಕ್ಷರದ ಅಂಚು ಅಳೆದೆ, 14 ಪಿಕ್ಸೆಲ್. ಅದರ ಮೂಲೆಗಳ ಗೆರೆಗಳನ್ನು ಹಿಂದಕ್ಕೆ ಎಳೆದು, ಅವು ಸೇರುವ ಬಿಂದುವಿನ ಕಡೆಗೇ ‘ರ’ದ ಪಕ್ಕೆಯನ್ನೂ ಎಳೆದೆ. ಆದರೂ ಸ್ಟಿಕರ್ ಅಂಟಿಸಿದ ಹಾಗೇ ಕಾಣ್ತಿತ್ತು.

ತಪ್ಪು ಇದ್ದದ್ದು ‘ರ’ದ ಹೊಟ್ಟೆಯಲ್ಲಿ!

ಕ್ಯಾಮೆರಾ ಇದ್ದದ್ದು ಎಡಕ್ಕೆ, ಕೆಳಗೆ. ಹಾಗಾಗಿ ಹೊರಗಡೆ ಎಡಪಕ್ಕೆ, ತಳ ಕಾಣುತ್ತೆ. ತೂತಿನೊಳಗೆ ಮಾತ್ರ ಉಲ್ಟಾ: ಕಾಣೋದು ಬಲಗೋಡೆ ಮತ್ತು ಮೇಲಿನ ಗೋಡೆ. ನಾನು ಒಳಗೂ ಎಡಕ್ಕೇ ದಪ್ಪ ಕೊಟ್ಟಿದ್ದೆ. ‘ಗ’ದ ಬಾಯಿ ಕೆಳಗೆ ತೆರೆದಿರುತ್ತೆ, ಅದರ ಒಳಮೈ ನೋಡಿ ನಕಲು ಮಾಡೋಕೂ ಆಗಲಿಲ್ಲ.

ಬಿಸಿಲು ಎಡ ಮೇಲಿಂದ. ಒಳಗಿನ ಮೇಲ್ಗೋಡೆ ಕೆಳಗೆ ಮುಖ ಮಾಡಿರೋದ್ರಿಂದ ಅದು ಕತ್ತಲೆ. ಬಲಗೋಡೆಗೆ ಬೆಳಕು, ಆದರೆ ಎಡಗಡೆ ದಂಡೆಯ ನೆರಳು ಬೋರ್ಡ್ ದಾಟಿ ಅದರ ಬುಡಕ್ಕೂ ಸ್ವಲ್ಪ ಹತ್ತುತ್ತೆ.

ಹೊರಗಿನ ನೆರಳಲ್ಲೂ ಎಡವಿದ್ದೆ. ಡ್ರಾಪ್ ಶ್ಯಾಡೋ ಒತ್ತಿದ್ರೆ ನೆರಳು ಮುಂಭಾಗದ ನಕಲಾಗಿ ದೂರ ಬೀಳುತ್ತೆ, ನಡುವೆ ಬೆಳಕಿನ ಸಂದು. ಅಕ್ಷರ ಬೋರ್ಡಿಗೆ ತಾಗಿ ನಿಂತಿರುವಾಗ ನೆರಳು ಅದರ ಬುಡದಿಂದಲೇ ಶುರುವಾಗಬೇಕಲ್ವಾ? ಕೈಯಲ್ಲೇ ತುಂಬಿದೆ. ಬಣ್ಣವೂ ಶುದ್ಧ ಕಪ್ಪಲ್ಲ, ಪಕ್ಕದ ನೆರಳಿಂದಲೇ ಎತ್ತಿಕೊಂಡೆ.

ಈಗ ರಸ್ತೆಯಲ್ಲಿ ಬೋರ್ಡ್ ಕಂಡರೆ ಹೆಸರು ಓದ್ತಿಲ್ಲ, ತೂತು ನೋಡ್ತೀನಿ.