ಚುಕ್ಕೆ ಪಕ್ಕದ ಹೊಲದಲ್ಲಿ ಕೂತಿದೆ

“ನಮ್ಮೂರ ಬೋರು ಮ್ಯಾಪಲ್ಲಿ ಪಕ್ಕದ ಹೊಲದೊಳಗೆ ಕೂತಿದೆಯಲ್ಲ ಸಾರ್, ನಾಳೆ ಅವರು ನಮ್ಮದು ಅಂದ್ರೆ?”

ಅನ್ನಲಿ ಬಿಡಿ. ಅದಕ್ಕೆ ಪಹಣಿ ಇದೆ, ಸರ್ವೆಯವರ ಹದ್ದುಬಸ್ತು ಇದೆ. ಊರಿನ ಬೋರು, ಸೋರುವ ಪೈಪುಗಳಿಗೆ ಫೋನಿನಲ್ಲಿ ಚುಕ್ಕೆ ಇಟ್ಟು ಮಾಡಿದ ಮ್ಯಾಪಿನ ಹಾಳೆಯನ್ನು ಗ್ರಾಮ ಸಭೆಯಲ್ಲಿ ಗೋಡೆಗೆ ಅಂಟಿಸಿ ಎರಡು ನಿಮಿಷ ಆಗಿರುವುದಿಲ್ಲ, ಹಿಂದಿನ ಸಾಲಿನಿಂದ ಈ ಮಾತು ಬಂದೇ ಬರುತ್ತದೆ. ಮುಂದಿನ ಅರ್ಧ ಗಂಟೆ ಬದು, ಪೋಡಿ, ಅಜ್ಜನ ಕಾಲದ ಭಾಗ. ನೀರಿನ ಮಾತು ಅಲ್ಲಿಗೆ ಗೋವಿಂದ.

ಬಯಲಲ್ಲಿ ನಿಂತರೆ ಫೋನು ಜಾಗ ಹೇಳುವುದು ಸುಮಾರು 5 ಮೀಟರ್ ಆಚೀಚೆ. ಅಂದರೆ ಬೋರು ನಿಜವಾಗಿ ಇರಬಹುದಾದ ವೃತ್ತದ ಅಡ್ಡಗಲ 10 ಮೀಟರ್, ಹತ್ತಿರ ಹತ್ತಿರ 33 ಅಡಿ. ಒಂದು ಗುಂಟೆಯ ಒಂದು ಬದಿ ಎಷ್ಟೋ ಅಷ್ಟು. ತೆಂಗಿನ ತೋಟದೊಳಗೆ ಅಥವಾ ಗೋಡೆಯ ಮಗ್ಗುಲಲ್ಲಿ ಇನ್ನೂ ಕೆಡುತ್ತದೆ. ಬದುವಿನ ಮೇಲಿರುವ ಬೋರು ಯಾವ ಕಡೆ ಬಿತ್ತು ಎಂದು ಈ ಚುಕ್ಕೆ ತೀರ್ಮಾನಿಸಲಾರದು. ಕೆಳಗೆ ಹಾಸಿರುವ ಉಪಗ್ರಹ ಚಿತ್ರವೇ ಕೆಲವು ಮೀಟರ್ ಸರಿದಿರುವುದೂ ಉಂಟು. ದಿಶಾಂಕ್ ಆ್ಯಪ್ ತೆರೆದು ಸರ್ವೆ ನಂಬರ್ ತೋರಿಸಿ ಜಗಳಕ್ಕೆ ಬರುವವರಿಗೂ ಇದೇ ಮಾತು: ಅದಕ್ಕೆ ನೀವು ನಿಂತ ಜಾಗ ಹೇಳುವುದೂ ಇದೇ ಫೋನು.

ಮಾಡಬಹುದಾದದ್ದು ಇಷ್ಟೇ. ಬೋರಿನ ಕೇಸಿಂಗ್ ಪಕ್ಕ ನಿಂತು, ಫೋನು ಅಂಗೈಯಲ್ಲಿ ಬಯಲಿಗೆ ಹಿಡಿದು ಒಂದು ನಿಮಿಷ ಕಾಯಬೇಕು. ಎಷ್ಟು ಮೀಟರ್ ಆಚೀಚೆ ಎಂದು `accuracy` ಅಂತ ತೋರಿಸುವ ಸಂಖ್ಯೆ 18, 11, 6 ಎಂದು ಇಳಿಯುತ್ತ ಬರುತ್ತದೆ. 5ಕ್ಕೆ ಬಂದಾಗ ಉಳಿಸಬೇಕು. ಬಿಸಿಲಿಗೆ ಹೆದರಿ 18ಕ್ಕೇ ಒತ್ತಿದರೆ ಆ 18 ಪಟ್ಟಿಯಲ್ಲಿ ಕೂತೇ ಇರುತ್ತದೆ; 10 ದಾಟಿದ್ದನ್ನೆಲ್ಲ ಮತ್ತೆ ಹೋಗಿ ಅಳೆಯಬೇಕು. ಇದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಫೋಟೋ ತೆಗೆದುಕೊಂಡು ಬಂದು, ಪಂಚಾಯಿತಿ ಕಟ್ಟೆಯ ಮೇಲೆ ಟೀ ಕುಡಿಯುತ್ತ ಫೋನಿನಲ್ಲಿ ಫಾರಂ ತುಂಬಿದರೆ ಊರಿನ ಎಲ್ಲ ಬೋರೂ ಪಂಚಾಯಿತಿ ಕಟ್ಟೆಯ ಮೇಲೇ ಕೊರೆದಂತೆ ಕಾಣುತ್ತವೆ. ಚುಕ್ಕೆಗಳು ಒಂದೇ ಕಡೆ ಗುಂಪುಗೂಡಿದ್ದರೆ ಮೊದಲು ಟೀ ಅಂಗಡಿ ಎಲ್ಲಿದೆ ನೋಡಿ.

ನನ್ನನ್ನು ಕೇಳಬೇಕಾದದ್ದು “ಇದನ್ನ ಯಾವತ್ತು ನೋಡಿದ್ದು?” ಅಂತ. ನವೆಂಬರಿನಲ್ಲಿ ‘ನೀರಿದೆ’ ಎಂದು ಹಸಿರು ಬಳಿದ ಬೋರು ಏಪ್ರಿಲ್ ಸಭೆಯಲ್ಲೂ ಹಸಿರಾಗಿಯೇ ನಗುತ್ತಿರುತ್ತದೆ. ತಾರೀಖು ಇಲ್ಲದ ಚುಕ್ಕೆ ಕೆಲಸಕ್ಕೆ ಬಾರದು. ಬರೀ ‘ನೀರಿಲ್ಲ’ ಎಂದು ಬರೆದರೂ ಅಷ್ಟೇ. ಸ್ವಿಚ್ ಹಾಕಿದರೆ ಸದ್ದೇ ಇಲ್ಲ ಅಂದರೆ ಕರೆಂಟು, ಸ್ಟಾರ್ಟರ್, ಕೇಬಲ್ ಅಥವಾ ಮೋಟರಿನ ಕಡೆ ನೋಡಬೇಕು. ಹತ್ತು ನಿಮಿಷ ನೀರು ಬಂದು, ಗಾಳಿ ಉಗುಳಿ ನಿಂತು, ಬಿಟ್ಟು ಹಾಕಿದರೆ ಮತ್ತೆ ಬರುತ್ತದೆ ಅಂದರೆ ನೀರು ಪಂಪಿಗಿಂತ ಕೆಳಗೆ ಇಳಿಯುತ್ತಿದೆ. ಆಗ ಬೋರಿನ ಆಳ, ಮೋಟರ್ ಇಳಿಸಿರುವ ಆಳ ಎರಡೂ ಬೇಕು. 600 ಅಡಿ ಬೋರಿನಲ್ಲಿ ಮೋಟರ್ 420ಕ್ಕೆ ನಿಂತಿದ್ದರೆ, 20 ಅಡಿಯ ಐದು ಪೈಪ್ ಸೇರಿಸಿ 520ಕ್ಕೆ ಇಳಿಸಬಹುದೇ ಎಂದು ಕೇಳಬಹುದು, ಅಷ್ಟು ಎತ್ತುವ ಶಕ್ತಿ ಮೋಟರಿಗೆ ಇದ್ದರೆ. ಹೊಸ ಬೋರು ಕೊರೆಸುವ ಮಾತು ಆಮೇಲೆ.

ಪೈಪಿನದು ಇನ್ನೂ ಮಜಾ. ನೀರು ಬಿಡದ ಹೊತ್ತಲ್ಲಿ ಸರ್ವೆಗೆ ಹೋದರೆ ಊರಲ್ಲಿ ಒಂದು ಪೈಪೂ ಒಡೆದಿರುವುದಿಲ್ಲ! ನೀರುಗಂಟಿ ವಾಲ್ವ್ ತಿರುಗಿಸುವ ಹೊತ್ತಿಗೇ ಅವನ ಜೊತೆ ನಡೆಯಬೇಕು, ಕೈಯಲ್ಲಿ 10 ಲೀಟರ್ ಬಕೆಟ್ ಇರಬೇಕು. ಸೋರುವ ಜಾಗದಲ್ಲಿ ಬಕೆಟ್ 50 ಸೆಕೆಂಡಿಗೆ ತುಂಬಿತು ಅನ್ನಿ. ನಿಮಿಷಕ್ಕೆ 12 ಲೀಟರ್. ದಿನಕ್ಕೆ ಎರಡು ಗಂಟೆ ನೀರು ಬಿಟ್ಟರೆ 1,440 ಲೀಟರ್ ಚರಂಡಿಗೆ. ಜಲ ಜೀವನ್ ಲೆಕ್ಕದ ತಲೆಗೆ 55 ಲೀಟರಿನಂತೆ 26 ಜನರ ನೀರು ಅದು. ಮಣ್ಣೊಳಗೇ ಇಂಗುವುದು ಈ ಬಕೆಟ್ಟಿಗೆ ಸಿಗುವುದಿಲ್ಲ, ಆದ್ದರಿಂದ ಕನಿಷ್ಠ ಇಷ್ಟು ಎಂದೇ ಓದಿಕೊಳ್ಳಿ. ಈ ಅಂಕಿ ಸೋರುವ ಜಾಗದ ಕೆಂಪು ಚುಕ್ಕೆಯ ಪಕ್ಕ ಬರೆದಿದ್ದರೆ ಯಾವ ಕೇರಿಯ ಪೈಪ್ ಮೊದಲು ಎಂಬ ಜಗಳ ಅರ್ಧ ಕಡಿಮೆಯಾಗುತ್ತದೆ. ಉಳಿದರ್ಧ ಆಗಲಿ, ಅದು ನೀರಿನ ಜಗಳ ತಾನೆ.

ರಿಪೇರಿ ಆಯಿತೆಂದು ಚುಕ್ಕೆ ಅಳಿಸಬೇಡಿ. ಮುಚ್ಚಿದ ತಾರೀಖು ಬರೆದು ಹಾಗೇ ಬಿಡಿ. ಅದೇ ಜಾಯಿಂಟು ಆರು ತಿಂಗಳಲ್ಲಿ ಮೂರನೇ ಸಲ ಕಿತ್ತು ಬಂದರೆ, ಅದರ ಮೇಲೆ ಟ್ರ್ಯಾಕ್ಟರ್ ಓಡಾಡುತ್ತಿದೆಯೋ, ಪೈಪನ್ನು ಗೇಣುದ್ದ ಮಣ್ಣಲ್ಲಿ ಹೂತಿದ್ದಾರೋ ಅಂತ ಅಗೆದು ನೋಡಬೇಕಾದ್ದು ಅಲ್ಲೇ.