ಮಗುವಿನ ಒಸಡು, ಬಾಣಂತಿಯ ರೆಪ್ಪೆ

12 ಆಗಸ್ಟ್ 2024, ಸೋಮವಾರ

ಇವತ್ತು ಬೆಳಿಗ್ಗೆ ಆಶಾ ಕಾರ್ಯಕರ್ತೆ ಫೋನ್ ಮಾಡಿ ಕರೆದರು, ಒಂದು ಬಾಣಂತಿ ಮನೆಗೆ ಹೋಗಿ ಬಂದೆ. ಮಗು ಹುಟ್ಟಿ ನಾಲ್ಕು ದಿನ. 38 ವಾರ ತುಂಬಿ ಆದ ಹೆರಿಗೆ, ಹುಟ್ಟಿದಾಗ ತೂಕ 2.8 ಕೆಜಿ ಇತ್ತು, ಇವತ್ತು ತಕ್ಕಡಿಯಲ್ಲಿ 2.5. ಮಗು ಸದಾ ನಿದ್ದೆಯಲ್ಲೇ ಇರುತ್ತೆ, ಎಬ್ಬಿಸಿ ಹಾಲಿಗೆ ಹಾಕಿದರೂ ನಾಲ್ಕು ಸಲ ಚೀಪಿ ಬಿಟ್ಟುಬಿಡುತ್ತೆ. ಕಾಮಾಲೆ ಏನಾದ್ರೂ ಇದೆಯಾ ನೋಡೋಣ ಅಂದಾಗ ಅಜ್ಜಿ, "ಕಪ್ಪು ಮೈ ಕಣಮ್ಮ, ಹಳದಿ ಆಗಿದ್ರೂ ಹೆಂಗೆ ಕಾಣ್ಬೇಕು?" ಅಂದರು.

ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ಬಿಲಿರುಬಿನ್ ಅನ್ನೋ ಹಳದಿ ಪದಾರ್ಥ ಚರ್ಮದಲ್ಲಿ ಸೇರಿಕೊಂಡಾಗ ಮೈ ಹಳದಿಯಾಗುತ್ತೆ, ಆದರೆ ಚರ್ಮದ ಮೇಲ್ಪದರದಲ್ಲಿ ಮೆಲನಿನ್ ಅನ್ನೋ ಕಪ್ಪು ಬಣ್ಣದ ಪದಾರ್ಥ ಜಾಸ್ತಿ ಇದ್ದರೆ ಅದು ಈ ಹಳದಿಯನ್ನು ಮುಚ್ಚಿಬಿಡುತ್ತೆ. ಹಣೆ ಅಥವಾ ಎದೆ ಮೇಲೆ ಬೆರಳಿಂದ ಒತ್ತಿ ನೋಡೋದನ್ನು ನಾವೆಲ್ಲ ಕಲಿತಿದ್ದೇವೆ. ಒತ್ತಿದಾಗ ಅಲ್ಲಿನ ರಕ್ತ ಸರಿದು ಕೆಂಪು ಹೋಗುತ್ತೆ, ಅಡಿಯಲ್ಲಿರುವ ಹಳದಿ ಕಾಣುತ್ತೆ. ಆದರೆ ಎಷ್ಟು ಒತ್ತಿದರೂ ಮೆಲನಿನ್ ಸರಿದುಹೋಗಲ್ಲ ಅಲ್ವಾ? ಹಾಗಾಗಿ ಕಪ್ಪು ಮಗುವಿನಲ್ಲಿ ಮೆಲನಿನ್ ಕಡಿಮೆ ಇರುವ ಜಾಗ ಹುಡುಕಿಕೊಂಡು ಹೋಗಬೇಕು: ಒಸಡು, ಕಣ್ಣಿನ ಬಿಳಿ, ಅಂಗೈ, ಅಂಗಾಲು.

ಆ ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು, ಉರೀತಿದ್ದದ್ದು ಹಳದಿ ಬಲ್ಬು, ಮಗುವಿಗೆ ಸುತ್ತಿದ್ದ ಬಟ್ಟೆಯೂ ಹಳದಿ. ಅಲ್ಲಿ ಏನು ನೋಡಿದರೂ ಸುಳ್ಳೇ. ಮಗುವನ್ನು ಹೊರಗೆ ಜಗಲಿಯ ನೆರಳಿಗೆ ತಂದು ಬಿಳಿ ಟವೆಲ್ ಮೇಲೆ ಮಲಗಿಸಿದೆವು. ಹಣೆ ಒತ್ತಿದರೆ ಏನೂ ಖಚಿತವಾಗಿ ಹೇಳೋಕಾಗಲಿಲ್ಲ. ಬಾಯಿ ತೆರೆಸಿ ಕೆಳಗಿನ ಒಸಡನ್ನು ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಯಾಗಬೇಕಾದ ಜಾಗ ಹಳದಿಯಾಗಿ ಕಂಡಿತು. ಕಣ್ಣನ್ನು ಬಲವಂತವಾಗಿ ತೆರೆಸಬಾರದು, ನೆಟ್ಟಗೆ ಎತ್ತಿ ಹಿಡಿದು ಸ್ವಲ್ಪ ಕಾದರೆ ತಾನೇ ಬಿಡುತ್ತೆ. ಬಿಟ್ಟಿತು, ಬಿಳಿಯೂ ಹಳದಿ. ಅಂಗಾಲು ನೋಡಿದ ಮೇಲೆ ಇನ್ನು ಕಾಯೋ ಮಾತೇ ಇರಲಿಲ್ಲ. ಅಂಗೈ ಅಂಗಾಲಿನವರೆಗೆ ಹಳದಿ ಇಳಿದಿದ್ದರೆ ಅಪಾಯದ ಲಕ್ಷಣ, ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಹುಟ್ಟಿದ ಮೊದಲ 24 ಗಂಟೆಯೊಳಗೆ ಎಲ್ಲೇ ಹಳದಿ ಕಂಡರೂ ಹಾಗೇ.

ಬೆಳಗಿನ ಬಿಸಿಲಿಗೆ ಹಿಡೀತೀವಿ ಅಂತ ಮನೆಯವರು ಹೇಳಿದರು. ಬೇಡ ಅಂದೆ. ಬಿಸಿಲಲ್ಲಿ ಎಷ್ಟು ಬೆಳಕು ಸಿಗುತ್ತೆ ಅನ್ನೋದಕ್ಕೆ ಅಳತೆ ಇಲ್ಲ, ಅಷ್ಟು ಚಿಕ್ಕ ಮೈ ಸುಡಬಹುದು, ಜೊತೆಗೆ ಒಂದು ದಿನ ಸುಮ್ನೆ ಕಳೆದುಹೋಗುತ್ತೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಬಿಲಿರುಬಿನ್ 21 ಬಂತು. ಸಂಜೆಯೇ ನೀಲಿ ಬೆಳಕಿನ ಕೆಳಗೆ ಮಲಗಿಸಿದ್ದಾರೆ, ಹಿಂಡಿದ ತಾಯಿ ಹಾಲನ್ನು ಒಳಲೆಯಲ್ಲಿ ಕುಡಿಸುತ್ತಿದ್ದಾರೆ. ಹಾಲು ಸಾಲದೆ ಮಲ ಸರಿಯಾಗಿ ಹೋಗದಿದ್ದರೆ ಬಿಲಿರುಬಿನ್ ಕರುಳಿಂದ ಮತ್ತೆ ರಕ್ತಕ್ಕೇ ಸೇರುತ್ತೆ, ಆ ಇಳಿದ ತೂಕವನ್ನು ನೋಡಿದಾಗಲೇ ನನಗೆ ಹಾಗನ್ನಿಸಿತ್ತು. ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಕಣ್ಣಿಗೆ ಕಂಡ ಹಳದಿಯಿಂದ ಅದು 12 ಇದೆಯೋ 21 ಇದೆಯೋ ಹೇಳೋಕಾಗಲ್ಲ. ಯಾವ ಬಣ್ಣದ ಮಗುವಿನಲ್ಲೂ ಆಗಲ್ಲ. ನೋಡೋದು ಅನುಮಾನಕ್ಕೆ, ಅಳೆಯೋದಕ್ಕೆ ರಕ್ತ ಪರೀಕ್ಷೆಯೇ ಬೇಕು.

ಹೊರಡುವ ಮೊದಲು ಅಜ್ಜಿ ತಮ್ಮ ಕಣ್ಣು ತೋರಿಸಿ, "ನಂದೂ ಹಳದಿನೇ, ನಂಗೂ ಕಾಮಾಲೆನಾ?" ಅಂದರು. ಕಪ್ಪು ಮೈಬಣ್ಣದ ದೊಡ್ಡವರಲ್ಲಿ ಇದು ತುಂಬ ಸಾಮಾನ್ಯ. ಕಣ್ಣಿನ ಬಿಳಿಯಲ್ಲಿ ಕಂದು ಮಚ್ಚೆ, ರೆಪ್ಪೆಯ ಅಡಿ ಕೊಬ್ಬಿನ ಹಳದಿ. ಈ ಕೊಬ್ಬಿನ ಹಳದಿ ಅಲ್ಲಲ್ಲಿ ಇರುತ್ತೆ, ಕಪ್ಪು ಗುಡ್ಡೆಯ ಹತ್ತಿರ ಬಂದಂತೆ ಬಿಳಿಯಾಗುತ್ತೆ. ನಿಜವಾದ ಕಾಮಾಲೆಯ ಹಳದಿ ಗುಡ್ಡೆಯ ಅಂಚಿನವರೆಗೂ ಒಂದೇ ಸಮ ಹರಡಿರುತ್ತೆ, ನಾಲಿಗೆ ಎತ್ತಿದರೆ ಅದರ ಅಡಿಯಲ್ಲೂ ಕಾಣುತ್ತೆ. ಅಜ್ಜಿಗೆ ಎರಡೂ ಇರಲಿಲ್ಲ, ಮೂತ್ರವೂ ಮಾಮೂಲಿ ಬಣ್ಣವೇ ಅಂದರು.

ನನಗೆ ಚಿಂತೆ ಆಗಿದ್ದು ತಾಯಿಯದ್ದು. ಎದ್ದು ನಿಂತರೆ ತಲೆ ಸುತ್ತು ಅಂತಿದ್ದಳು, ಮುಖ ನೋಡಿ ಯಾರೂ ಬಿಳಿಚಿಕೊಂಡಿದ್ದಾಳೆ ಅನ್ನಲ್ಲ. ಕಪ್ಪು ಮುಖ ರಕ್ತ ಕಡಿಮೆಯಾದಾಗ ಬಿಳಿಚಲ್ಲ, ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗುತ್ತೆ, ದಿನಾ ನೋಡೋರಿಗೆ ಮಾತ್ರ ಗೊತ್ತಾಗುತ್ತೆ. ಕೆಳ ರೆಪ್ಪೆಯನ್ನು ಎಳೆದು ನೋಡಿದೆ. ಆರೋಗ್ಯವಂತರಲ್ಲಿ ರೆಪ್ಪೆಯ ಅಂಚಿಗೆ ಹತ್ತಿದ ಗೆರೆ ಕೆಂಪಾಗಿ, ಅದರ ಒಳಭಾಗ ತಿಳಿ ಬಣ್ಣವಾಗಿ, ಎರಡು ಬೇರೆ ಬಣ್ಣ ಕಾಣಬೇಕು. ಇವಳಲ್ಲಿ ಎರಡೂ ಒಂದೇ ಬಣ್ಣ. ಅಂಗೈಯನ್ನು ಆಶಾ ಕಾರ್ಯಕರ್ತೆಯ ಅಂಗೈ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಂಡಿತು. ಹಿಮೋಗ್ಲೋಬಿನ್ 7.2. ಡಾಕ್ಟರು ನಾಳೆ ಐರನ್ ಡ್ರಿಪ್ ಹಾಕೋಣ ಅಂದಿದ್ದಾರೆ. ರೆಪ್ಪೆ ಕೆಂಪಾಗಿದ್ದರೂ ಹಿಮೋಗ್ಲೋಬಿನ್ 9 ಇರೋರು ಬೇಕಾದಷ್ಟು ಜನ ಇದ್ದಾರೆ, ಕಣ್ಣು ಬೇನೆ ಬಂದಿದ್ದರಂತೂ ರೆಪ್ಪೆ ಏನೂ ಹೇಳಲ್ಲ. ಅದಕ್ಕೇ ಬಾಣಂತಿ ತಲೆ ಸುತ್ತು ಅಂದರೆ ರೆಪ್ಪೆ ಹೇಗೇ ಕಾಣಲಿ, ಬೆರಳು ಚುಚ್ಚಿ ರಕ್ತ ನೋಡಿಯೇ ಬಿಡಬೇಕು.